ಅಪ್‌ಡೇಟ್: 30 ಮತ್ತು 150 ಡಿಗ್ರಿಯಲ್ಲಿ ಟಾರ್ಕ್ ಒಂದೇ ಆದರೂ ಶಕ್ತಿ ಬೇರೆ ಏಕೆ?

ನನ್ನ ಪ್ರಶ್ನೆ: "ಏಕರೂಪ ಕ್ಷೇತ್ರದಲ್ಲಿ ದ್ವಿಧ್ರುವಿಯ ಟಾರ್ಕ್ 30° ಮತ್ತು 150° ಎರಡರಲ್ಲೂ ಒಂದೇ ಬರುತ್ತದೆ, ಹಾಗಾದರೆ ಪ್ರಚ್ಛನ್ನ ಶಕ್ತಿಯೂ ಒಂದೇ ಇರಬೇಕಲ್ಲವೇ?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಉಡುಪಿಯ ನಮ್ಮ ಉಪನ್ಯಾಸಕರು, ಟಾರ್ಕ್ ಆ ಕ್ಷಣದ ಎಳೆತವನ್ನು ಮಾತ್ರ ಹೇಳುತ್ತದೆ, ಶಕ್ತಿಯಾದರೋ ತಿರುಗಿಸಿದ ದಾರಿಯುದ್ದಕ್ಕೂ ಮಾಡಿದ ಕೆಲಸದ ಲೆಕ್ಕ ಎಂದಾಗ ನನ್ನ ತಪ್ಪು ತಿಳಿಯಿತು.

±2 µC ಆವೇಶಗಳು 3 cm ಅಂತರದಲ್ಲಿದ್ದರೆ p = 6×10⁻⁸ C m; ಕ್ಷೇತ್ರ 10⁵ N/C ಆದಾಗ pE = 6 mJ. pE sinθ ಪ್ರಕಾರ ಎರಡೂ ಕೋನಗಳಲ್ಲಿ ಟಾರ್ಕ್ 3×10⁻³ N m. ಆದರೆ 30°ಯಿಂದ 150°ಗೆ ತಿರುಗಿಸುವಾಗ ಟಾರ್ಕ್ ಉದ್ದಕ್ಕೂ ನಮ್ಮನ್ನು ವಿರೋಧಿಸುವುದರಿಂದ, U = −pE cosθ ಎಂಬುದು −5.2ರಿಂದ +5.2 mJಗೆ ಏರುತ್ತದೆ.

ಮನೆಯಲ್ಲಿ ದಿಕ್ಸೂಚಿಯ ಮುಳ್ಳನ್ನು (ಅದು ಕಾಂತೀಯ ದ್ವಿಧ್ರುವಿ, ಸೂತ್ರದ ರೂಪ ಅದೇ) ಎರಡೂ ಕೋನಗಳಿಂದ ಬಿಟ್ಟು ನೋಡಿದೆ. 30°ಯಿಂದ ಬಿಟ್ಟಾಗ ಅದು ಮೆಲ್ಲಗೆ ತೂಗಿತು. 150°ಯಿಂದ ಬಿಟ್ಟಾಗ ಉತ್ತರವನ್ನು ರಭಸದಿಂದ ದಾಟಿ ಆಚೆ ಬದಿಗೆ ಬಹುದೂರ ಹೋಯಿತು. ಘರ್ಷಣೆ ಬಿಟ್ಟರೆ, ಉತ್ತರ ದಾಟುವಾಗಿನ ಚಲನ ಶಕ್ತಿ ಎರಡನೆಯ ಸಲ ಸುಮಾರು 14 ಪಟ್ಟು.