ಷಟ್ಪದಿಯ ಮೂರನೆಯ ಪಾದದಲ್ಲಿ ಒಂದು ಮಾತ್ರೆ ಕಡಿಮೆ ಬರುತ್ತಿದೆ

ಕಟಪಾಡಿ ಓದುಗ: ಮಗಳಿಗೆ ಛಂದಸ್ಸು ಹೇಳಿಕೊಡಲೆಂದು ನಾನೇ ಹೊಸೆದ ಪದ್ಯದ ಎರಡನೆಯ ಪಾದದಲ್ಲಿ 13, ಮೂರನೆಯದರಲ್ಲಿ 22 ಮಾತ್ರೆಗಳು ಬರುತ್ತಿವೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೂ ಅನುಸ್ವಾರವಿರುವ ಅಕ್ಷರಕ್ಕೂ ಎರಡು ಎಂದೇ ಎಣಿಸಿದ್ದೇನೆ. ಎಷ್ಟು ಸಲ ಎಣಿಸಿದರೂ ಲೆಕ್ಕ ಕೂಡುವುದಿಲ್ಲ.

ಗಣಪ್ರಸ್ತಾರ: ಯಾವ ಷಟ್ಪದಿ ಎಂದು ಹೇಳಿಲ್ಲ, ಪದ್ಯವನ್ನೂ ಕೊಟ್ಟಿಲ್ಲ. ಇಷ್ಟರಲ್ಲಿ ಯಾರೇನು ಹೇಳಲು ಸಾಧ್ಯ?

ಕಟಪಾಡಿ ಓದುಗ: ಭಾಮಿನಿ.

ಕಡಲ ತೆರೆಗಳು ದಡಕೆ ಬಡಿದುವು
ಬಿಡದೆ ಸುರಿಯಿತು ರಾತ್ರಿಯೆಲ್ಲಾ
ನಡುಗಿ ನಿಂತುವು ತೆಂಗು ತೋಟದ ಮರದ ಸಾಲುಗಳು
ಗುಡುಗು ಸಿಡಿಲಿನ ನಡುವೆ ಪ್ರಾಣಿಗ…

ಪುತ್ತೂರು ಪಂಡಿತ: ಎರಡನೆಯ ಪಾದದ ತೊಡಕು ‘ತ್ರಿ’ ಒತ್ತಕ್ಷರದ್ದು. ಅದರ ಹಿಂದಿನ ‘ರಾ’ ಗುರುವಾಗಬೇಕು.

ಗಣಪ್ರಸ್ತಾರ: ‘ರಾ’ ದೀರ್ಘವಾದ್ದರಿಂದ ಆಗಲೇ ಗುರು, ಒತ್ತಕ್ಷರ ಮುಂದೆ ಬಂದರೂ ಅದು ಮೂರು ಮಾತ್ರೆಯಾಗದು. ತಪ್ಪಿರುವುದು ‘ಯೆ’ಯಲ್ಲಿ. ಅದು ಹ್ರಸ್ವವೇ, ಆದರೆ ಮುಂದೆ ‘ಲ್ಲಾ’ ಇರುವುದರಿಂದ ಎರಡು ಮಾತ್ರೆಯಾಗುತ್ತದೆ. ಬಿಡದೆ | ಸುರಿಯಿತು | ರಾತ್ರಿ | ಯೆಲ್ಲಾ: ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14. ಗಣ ಪದದ ನಡುವೆಯೇ ಮುರಿಯಿತೆಂದು ಗಾಬರಿಯಾಗಬೇಡಿ, ಪದ ಮುಗಿಯುವಲ್ಲೇ ಗಣವೂ ಮುಗಿಯಬೇಕೆಂಬ ನಿಯಮವಿಲ್ಲ.

ಮದ್ದಳೆ ಮನೆ: ನಾನು ಹಲವು ವರ್ಷಗಳಿಂದ ಮೇಳದಲ್ಲಿ ನುಡಿಸುವವನು. ಮೂರು ನಾಲ್ಕು ಸೇರಿದರೆ ಏಳು. 14 ಎಂದರೆ ಏಳರ ಎರಡು ಆವರ್ತ. ಹಾಗಾದರೆ ಮೂರನೆಯ ಪಾದವು 21ಕ್ಕೇ ನಿಲ್ಲಬೇಕಲ್ಲವೇ? ಕೊನೆಯ ‘ಳು’ವನ್ನು ತೆಗೆದುಬಿಡಿ.

ಗಣಪ್ರಸ್ತಾರ: ತೆಗೆದರೆ ಅದು ಭಾಮಿನಿಯಾಗಿ ಉಳಿಯುವುದಿಲ್ಲ. ಏಳರ ಮೂರು ಆವರ್ತ ಮುಗಿದ ಮೇಲೆ ಪಾದದ ಕೊನೆಯಲ್ಲಿ ಒಂದು ಗುರು ಪ್ರತ್ಯೇಕವಾಗಿ ನಿಲ್ಲುತ್ತದೆ: ನಡುಗಿ | ನಿಂತುವು | ತೆಂಗು | ತೋಟದ | ಮರದ | ಸಾಲುಗ | ಳು. ಆ ‘ಳು’ ಬರಹದಲ್ಲಿ ಲಘುವಾದರೂ ಪಾದಾಂತ್ಯದಲ್ಲಿದ್ದು ಎಳೆದು ನಿಲ್ಲಿಸುವುದರಿಂದ ಗುರುವೆಂದೇ ಲೆಕ್ಕ. 21ಕ್ಕೆ ಎರಡು ಕೂಡಿಸಿ, 23. ಈ ರಿಯಾಯಿತಿ ಮೂರು ಮತ್ತು ಆರನೆಯ ಪಾದಗಳಿಗೆ. ಉಳಿದ ನಾಲ್ಕರಲ್ಲಿ ಪಾದಾಂತ್ಯದ ಲಘು ಲಘುವೇ. ಇಲ್ಲವಾದರೆ ನಿಮ್ಮ ಮೊದಲ ಪಾದವೇ 15 ಆಗಿಬಿಡುತ್ತದೆ.

ಕಟಪಾಡಿ ಓದುಗ: ಸರಿಹೋಯಿತು, ಧನ್ಯವಾದ. ಆದರೆ ಈಗ ನಾಲ್ಕನೆಯದು ಕಾಡುತ್ತಿದೆ. ‘ನಡುವೆ’ಯ ಮುಂದೆ ‘ಪ್ರಾ’ ಬಂದಿರುವುದರಿಂದ ‘ವೆ’ ಗುರುವಾದರೆ 15 ಆಗುತ್ತದೆ.

ಪುತ್ತೂರು ಪಂಡಿತ: ಅದು ಶಿಥಿಲದ್ವಿತ್ವ. ಲಘುವೆಂದು ಹಿಡಿಯಿರಿ.

ಗಣಪ್ರಸ್ತಾರ: ಶಿಥಿಲದ್ವಿತ್ವವೆಂದರೆ ‘ಅಮರ್ದು’ವಿನಂಥ ಪದಗಳ ಒಳಗೆ ಒತ್ತು ತೇಲುವುದು. ಇಲ್ಲಿರುವುದು ಮುಂದಿನ ಪದದ ಮೊದಲ ಅಕ್ಷರ, ಎರಡನ್ನೂ ಒಂದೇ ಮಾಡಬೇಡಿ.

ಪುತ್ತೂರು ಪಂಡಿತ: ಓದುವಾಗ ‘ವೆ’ಯ ಮೇಲೆ ಒತ್ತು ಬೀಳುವುದೇ ಇಲ್ಲವಲ್ಲ? ಕಿವಿ ಒಪ್ಪಿದ್ದನ್ನು ಪುಸ್ತಕ ಏಕೆ ತಳ್ಳಬೇಕು?

ಗಣಪ್ರಸ್ತಾರ: ನೀವು ಪದಗಳ ನಡುವೆ ನಿಲ್ಲಿಸಿ ಓದುತ್ತಿದ್ದೀರಿ. ಬಿಡದೆ ಓದಿದರೆ ‘ನಡುವೆಪ್ರಾಣಿ’ ಎಂದಾಗಿ ಒತ್ತು ಬಿದ್ದೇ ಬೀಳುತ್ತದೆ. ಹೊಸಗನ್ನಡದ ಕವಿಗಳು ಇದನ್ನು ಸಡಿಲಿಸುವುದುಂಟು, ನಾನು ಸಡಿಲಿಸುವುದಿಲ್ಲ. ‘ಪ್ರಾಣಿಗ’ ಇದ್ದಲ್ಲಿ ‘ಪಕ್ಷಿಗ’ ಎಂದಿಟ್ಟರೆ ಮಾತ್ರೆ ನಾಲ್ಕೇ ಉಳಿದು ಜಗಳವೂ ತಪ್ಪುತ್ತದೆ.

ಮದ್ದಳೆ ಮನೆ: ಭಾಗವತರು ಹಾಡಿದರೆ ಎರಡೂ ಕೂತುಕೊಳ್ಳುತ್ತವೆ.