ಡಾಕ್ಸಿಸೈಕ್ಲಿನ್ ನುಂಗಿ ಬಿಸಿಲಿಗೆ ಹೋದರೆ ಮೈ ಉರಿಯುತ್ತದೆಯೇ?

ಪ್ರಶ್ನೆ (ಸಾಗರದಿಂದ): ನಮ್ಮನೆಯವರಿಗೆ ಸ್ಕ್ರಬ್ ಟೈಫಸ್ ಜ್ವರ ಅಂತ ಡಾಕ್ಸಿಸೈಕ್ಲಿನ್ 100 ಎಂಜಿ, ದಿನಕ್ಕೆ ಎರಡು ಕೊಟ್ಟಿದ್ದಾರೆ. ಜ್ವರ ಬಿಟ್ಟಿತು. ನಾಲ್ಕನೇ ದಿನ ಅಂಗಳದಲ್ಲಿ ಅಡಿಕೆ ಹರವಿ ಬಂದರು. ಸಂಜೆಗೆ ಮೂಗು, ಕುತ್ತಿಗೆ, ಮುಂಗೈ ಕೆಂಪಾಗಿ ಉರಿ. ಮಾತ್ರೆ ನಿಲ್ಲಿಸಲಾ?

ಒಬ್ಬ ಸದಸ್ಯರು: ಅದು ಅಲರ್ಜಿ. ಕೂಡಲೇ ನಿಲ್ಲಿಸಿ. ಎಸ್‌ಪಿಎಫ್ 50 ಕ್ರೀಮ್ ಹಚ್ಚಿದರೆ ಸಾಕು.

ಚರ್ಮದ ಡಾಕ್ಟರ್: ನೀವಾಗಿ ನಿಲ್ಲಿಸಬೇಡಿ. ಅರ್ಧಕ್ಕೆ ಬಿಟ್ಟರೆ ಜ್ವರ ಮರುಕಳಿಸಬಹುದು. ಇವತ್ತೇ ಮಾತ್ರೆ ಬರೆದ ಡಾಕ್ಟರಿಗೆ ಫೋನ್ ಮಾಡಿ ಹೇಳಿ. ಒಂದು ನೋಡಿ ಹೇಳಿ: ವಾಚಿನ ಪಟ್ಟಿಯ ಕೆಳಗೆ, ಗದ್ದದ ಅಡಿಯಲ್ಲಿ, ಕಿವಿಯ ಹಿಂದೆ ಚರ್ಮ ಸರಿಯಾಗಿದೆಯಾ? ಬಿಸಿಲು ಬಿದ್ದಲ್ಲಿ ಮಾತ್ರ ಗೆರೆ ಎಳೆದ ಹಾಗೆ ಕೆಂಪಾಗಿದ್ದರೆ ಬಹುಪಾಲು ಮಾತ್ರೆ ಮತ್ತು ಬಿಸಿಲು ಸೇರಿ ಆದ ಸುಡುವಿಕೆ. ಬಟ್ಟೆ ಮುಚ್ಚಿದ ಕಡೆಯೂ ಗುಳ್ಳೆ ಎದ್ದರೆ, ಬಾಯೊಳಗೆ ಹುಣ್ಣಾದರೆ ಅದು ಬೇರೆ ವಿಷಯ. ತಕ್ಷಣ ಆಸ್ಪತ್ರೆಗೆ ಹೋಗಿ.

ಎಸ್‌ಪಿಎಫ್ ಬಗ್ಗೆ ಮೇಲಿನವರು ಹೇಳಿದ್ದು ಅರ್ಧ ಸರಿ. ಆ ಸಂಖ್ಯೆ ಹೇಳುವುದು ಮುಖ್ಯವಾಗಿ ಯುವಿಬಿ ಕಿರಣದ ತಡೆಯನ್ನು. ಈ ಮಾತ್ರೆಯನ್ನು ಕೆರಳಿಸುವುದು ಹೆಚ್ಚಾಗಿ ಯುವಿಎ. ಅದು ಮೋಡದಿಂದಲೂ, ಕಿಟಕಿಯ ಗಾಜಿನಿಂದಲೂ ತೂರಿ ಬರುತ್ತದೆ. ಹಾಗಾಗಿ ಡಬ್ಬದ ಮೇಲೆ ಯುವಿಎ ತಡೆಯನ್ನು ಹೇಳುವ PA+++ ಅಥವಾ PA++++ ಗುರುತು ಇದೆಯಾ ನೋಡಿ. ಮುಖಕ್ಕೂ ಕುತ್ತಿಗೆಗೂ ಸೇರಿ ಎರಡು ಬೆರಳುದ್ದ ಬೇಕು, ಕೈಗೆ ಬೇರೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹೆಚ್ಚಿನವರು ಸುಮ್ನೆ ತೆಳ್ಳಗೆ ಸವರಿಕೊಳ್ಳುತ್ತಾರೆ, ಅದಕ್ಕೇ ಸುಡುತ್ತದೆ.

ಅಡಿಕೆ ಕೆಲಸದಲ್ಲಿ ಬೆವರಿಗೆ ಕ್ರೀಮ್ ನಿಲ್ಲುವುದಿಲ್ಲ. ನಾನು ಬಟ್ಟೆಯನ್ನೇ ಹೆಚ್ಚು ನಂಬುತ್ತೇನೆ. ಒತ್ತಾಗಿ ನೇಯ್ದ, ಗಾಢ ಬಣ್ಣದ ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಕೈಗವಸು. ಅಂಗಿಯನ್ನು ಬೆಳಕಿಗೆ ಹಿಡಿದಾಗ ಆಚೆ ಬದಿ ಕಂಡರೆ ಕಿರಣವೂ ಬರುತ್ತದೆ. ತೆಳು ಬಿಳಿ ಹತ್ತಿ ಬಟ್ಟೆ ಬೆವರಿಗೆ ಒದ್ದೆಯಾದರೆ ಇನ್ನೂ ಜಾಸ್ತಿ ಬಿಡುತ್ತದೆ.

ಮತ್ತೊಬ್ಬರು: ನನಗೆ ಬಿಪಿ ಮಾತ್ರೆ, ಹೈಡ್ರೋಕ್ಲೋರೋಥಯಾಜೈಡ್ ಇದೆ. ಮುಖ ಕಪ್ಪಾಗುತ್ತಿದೆ. ಇದೇನಾ?

ಚರ್ಮದ ಡಾಕ್ಟರ್: ಅದೂ ಬಿಸಿಲಿಗೆ ಚರ್ಮ ಸುಡುವ ಹಾಗೆ ಮಾಡಬಲ್ಲದು. ಆದರೆ ಕಪ್ಪಾಗಲು ಬೇರೆ ಕಾರಣಗಳೂ ಇವೆ, ನೋಡದೆ ಹೇಳಲಾರೆ. ಬಿಪಿ ಡಾಕ್ಟರನ್ನು ಕೇಳಿ.

ಕೇಳಿದವರು: ವಾಚಿನ ಕೆಳಗೆ ಬೆಳ್ಳಗೇ ಇದೆ ಸರ್. ಗದ್ದದ ಅಡಿಯೂ ಸರಿ ಇದೆ. ಡಾಕ್ಟರಿಗೆ ಫೋನ್ ಮಾಡಿದೆ, ಮುಂದುವರಿಸಿ ಅಂದರು. ಆದರೆ ಉಗುರಿನ ಬುಡದಲ್ಲಿ ನೋವು ಅಂತಿದ್ದಾರೆ.

ಚರ್ಮದ ಡಾಕ್ಟರ್: ಈ ಮಾತ್ರೆಗೆ ಬಿಸಿಲು ಬಿದ್ದರೆ ಉಗುರು ಹಾಸಿನಿಂದ ಮೇಲೇಳುವುದೂ ಇದೆ, ಕೆಲವೊಮ್ಮೆ ವಾರ ಕಳೆದ ಮೇಲೆ. ಉರಿಗೆ ತಣ್ಣೀರ ಬಟ್ಟೆ ಇಡಿ. ಕೋರ್ಸ್ ಮುಗಿದ ಮೇಲೂ ನಾಲ್ಕೈದು ದಿನ ಅಂಗಳದ ಕೆಲಸ ಬೇರೆಯವರು ಮಾಡಲಿ. ಉಗುರು ಬಣ್ಣ ಬದಲಾದರೆ ಫೋಟೋ ಸಾಲದು, ಕರೆದುಕೊಂಡು ಬನ್ನಿ.