ಈ ಫೋಟೋದಾಗಿನ ಡ್ಯಾಂ ಯಾವ್ದು ಅಂತ ಹತ್ತವಲ್ದು, ನವಿಲುತೀರ್ಥ ಅಲ್ಲ, ಹಿಡಕಲ್ ಅಲ್ಲ

ಮಲಪ್ರಭಾ_ದಂಡಿ (ಬಾಗಲಕೋಟೆ)
ಎಲ್ಲಾರ್ಗೂ ನಮಸ್ಕಾರ್ರಿ. ಅಪ್ಪಾರ ಹಳೇ ಆಲ್ಬಂದಾಗ ಒಂದು ಕಲರ್ ಫೋಟೋ ಸಿಕ್ಕೈತಿ, ಹಿಂದ ಏನೂ ಬರದಿಲ್ಲ, ಅವರು ಬೆಳಗಾವಿ ಜಿಲ್ಲಾದಾಗ ಭಾಳ ಊರಾಗ ನೌಕರಿ ಮಾಡ್ಯಾರ. ತಗ್ಗಿನ ಒಂದು ಡ್ಯಾಂ ಥರಾ ಐತಿ, ಸಣ್ಣ ಸಣ್ಣ ಕಂಬ ಒತ್ತಾಗಿ ನಿಂತಾವ, ಮ್ಯಾಲ ರಸ್ತೆ, ಕಠಡಾ ಇಲ್ಲ, ಒಬ್ಬಾಂವ ಸೈಕಲ್ ನಿಲ್ಲಿಸ್ಕೊಂಡು ನಿಂತಾನ. ಎಡಕ ನೀರು ತುಂಬೇತಿ, ಬಲಕ್ಕ ಬಂಡಿಗಲ್ಲು ಕಾಣ್ತಾವ, ದೂರದಾಗ ಒಂದು ಚಿಮಣಿ. ನವಿಲುತೀರ್ಥ, ಹಿಡಕಲ್, ಧೂಪದಾಳ ಎಲ್ಲಾದರ ಫೋಟೋ ಇಟ್ಟು ಹೋಲಿಸಿ ನೋಡ್ದೆ, ಒಂದೂ ಕೂಡವಲ್ದು. ಎಲ್ಲಿ ತಪ್ಪಾಕತ್ತೇತಿ?

ಗುಮ್ಮಟ_ನಗರಿ (ವಿಜಯಪುರ)
ಗೇಟ್ ಎಣಸ್ರಿ, ಅದಕ್ಕಿಂತ ಸುಲಭ ಯಾವ್ದೂ ಇಲ್ಲ. ಆಲಮಟ್ಟಿಗೆ 26 ಅವ, ಹಿಡಕಲ್‌ಗೆ 10, ನವಿಲುತೀರ್ಥಕ್ಕ ಬರೇ 4, ಅದೂ ಎರಡು ಗುಡ್ಡದ ನಡುವ ಸಿಕ್ಕೊಂಡದ. ಕಠಡಾ ಇಲ್ಲ ಅಂದ್ರ ಬ್ರಿಟಿಷರ ಕಾಲದ್ದೇ ಇರಬೇಕು ಅನಸ್ತದ ನನಗ.

ಮಲಪ್ರಭಾ_ದಂಡಿ
ಗೇಟೇ ಇಲ್ರಿ ಅಣ್ಣಾ, ಬರೇ ಕಂಬ, ನಡುವ ಹಲಗಿ ಹಾಕಿಧಂಗ ಕಾಣ್ತೈತಿ.

ದೂಧಗಂಗಾ_ಕಾಕಾ (ಚಿಕ್ಕೋಡಿ)
ತಮ್ಮಾ, ನೀ ಡ್ಯಾಂ ಹುಡಕಾಕತ್ತಿ, ಇದು ಡ್ಯಾಂ ಅಲ್ಲ, ಬಾಂದಾರ. ಕೊಲ್ಹಾಪುರ ಪದ್ಧತಿದು, ಅದಕ್ಕ ನಿನಗ ಯಾವ್ದೂ ಕೂಡವಲ್ದು. ಗುಮ್ಮಟ ಅವರು ಹೇಳಿದ್ದು ದೊಡ್ಡ ಡ್ಯಾಂಗೆ ಖರೇ ಐತಿ, ಆದ್ರ ಇಲ್ಲಿ ಉಪಯೋಗಿಲ್ಲ, ಮತ್ತ ಕಠಡಾಕ್ಕೂ ಬ್ರಿಟಿಷರಿಗೂ ಸಂಬಂಧ ಇಲ್ರಿ. ಮಳಿಗಾಲದಾಗ ಹೊಳಿ ಇದರ ಮ್ಯಾಲ ಹಾದು ಹೋಕ್ಕೈತಿ, ಕಠಡಾ ಇದ್ರ ಗಿಡ, ಕಬ್ಬಿನ ಕಸ ಎಲ್ಲಾ ಅದಕ್ಕ ಸಿಕ್ಕು ನೀರಿನ ಒತ್ತಡಾ ಸೇತುವಿ ಮ್ಯಾಲ ಬರ್ತೈತಿ, ಅದಕ್ಕ ಬಿಟ್ಟಿರ್ತಾರ. ಬ್ರಿಟಿಷರ ಕಾಲದ್ದು ನೋಡಬೇಕಂದ್ರ ಧೂಪದಾಳ ನೋಡ್ರಿ, 1897ರದ್ದು, ಅಲ್ಲಿ ಉದ್ದಕ ಒಂದೇ ಗ್ವಾಡಿ, ನೀರು ಅದರ ಮ್ಯಾಲಿಂದ ಇಳೀತೈತಿ, ಹಿಂಗ ಕಂಬಕ್ಕೊಂದು ಖಾಲಿ ಜಾಗ ಇರಂಗಿಲ್ಲ.

ಈಗ ಫೋಟೋ ದೊಡ್ಡದು ಮಾಡಿ ಸ್ಕ್ಯಾನ್ ಮಾಡು. ಕಂಬದ ಬಗಲಾಗ ಉದ್ದಕ ಇಳದಿರೋ ತೋಡು ಎರಡು ಕಾಣ್ತಾವೇನು ನೋಡು. ಅದರಾಗ ಹಲಗಿ ಇಳಸಿ, ಎರಡು ಸಾಲಿನ ನಡುವ ಮಣ್ಣು ತುಂಬತಿದ್ರು, ಈಗ ಬಾಳಕಡೆ ಕಬ್ಬಿಣದ ತಗಡ ಬಂದಾವ. ಈ ತೋಡು ಸಾಮಾನ್ಯವಾಗಿ ನೀರು ಬರೋ ಕಡೇನ ಇರ್ತಾವ. ಹಲಗಿ ಹಾಕೋದು ಮಳಿ ಮುಗದ ಮ್ಯಾಲ, ತಗ್ಯೋದು ಮುಂಗಾರಿನ ಮುಂಚೆ, ಅಂದ್ರ ನಿನ್ನ ಫೋಟೋ ಆ ನಡುವಿನದು. ಎಡಕ ನೀರು ನಿಂತೈತಿ ಅಂದ್ಮ್ಯಾಲ ಹೊಳಿ ಎಡದಿಂದ ಬಲಕ್ಕ ಹರೀತೈತಿ, ಇಷ್ಟು ಸಿಕ್ತು. ಎರಡೂ ಕಡೆ ನೀರು ಸಮ ಇದ್ದಿದ್ರ ಇದೂ ಹೇಳಾಕ ಬರ್ತಿರಲಿಲ್ಲ.

ಮಲಪ್ರಭಾ_ದಂಡಿ
ಕಾಕಾ ಸ್ಕ್ಯಾನ್ ಮಾಡಿದೆ, ಎರಡು ತೋಡು ಖರೇನ ಅದಾವ! ಕಂಬದ ನಡುವಿನ ಕಂಡಿ ಎಣಿಸಿದ್ರ 34 ಸಿಗ್ತಾವ. ಕಂಬದ ಕಲ್ಲು ಕಪ್ಪಗ ಐತಿ. ಸೈಕಲ್ ನೆರಳು ಗಿಡ್ಡ ಐತಿ, ಬಲಕ್ಕ ಬಿದ್ದೈತಿ.

ಹೆದ್ದಾರಿ_ಹಕ್ಕಿ
ಇದಕ್ಕ ಸಂಬಂಧ ಐತೋ ಇಲ್ಲೋ ಗೊತ್ತಿಲ್ಲ, ವಿಜಯಪುರದಿಂದ ಸೊಲ್ಲಾಪುರ ಕಡೆ ಹೊಂಟಾಗ ತಿಡಗುಂಡಿ ಹತ್ರ ಎತ್ತರ ಕಂಬದ ಮ್ಯಾಲ ಉದ್ದಕ ಸೇತುವಿ ನೋಡಿ ಫೋಟೋ ತಗದೀನಿ, ಅದು ಯಾವ ನದಿ ಮ್ಯಾಲ ಐತ್ರಿ? ಭೀಮಾ ಏನು?

ಗುಮ್ಮಟ_ನಗರಿ
ಅಲ್ಲಿ ಕೆಳಗ ಹೊಳಿ ಎಲ್ಲದ ಮಾರಾಯ, ನೀರು ಮ್ಯಾಲೇ ಅದ. ಅದು ಮುಳವಾಡ ಏತ ನೀರಾವರಿ ಕಾಲುವಿ, ತಗ್ಗು ದಾಟಿಸಾಕ ಕಂಬದ ಮ್ಯಾಲ ಒಯ್ದಾರ. ನೀರು ಕೃಷ್ಣೇದು. ಭೀಮಾ ಅಲ್ಲ. ಗುರ್ತು ಅಂದ್ರ ಎರಡೂ ಬದಿ ಮುಚ್ಚಿದ ಗ್ವಾಡಿ ಇರ್ತದ, ರಸ್ತೆ ಸೇತುವಿಯಂಗ ಗಾಡಿ ಏರಾಕ ಏರು ಇರಂಗಿಲ್ಲ, ಉದ್ದಕ್ಕೂ ಮಟ್ಟ ಹೆಚ್ಚು ಕಡಿಮಿ ಒಂದೇ. ಹಂಗ ನೋಡಿದ್ರ ಕಾಲುವಿ ಫೋಟೋ ನೋಡಿ ನದಿ ಹೇಳೂದು ಮೋಸ, ಏತ ನೀರಾವರಿ ಬಂದ ಮ್ಯಾಲ ಕೃಷ್ಣೆ ನೀರು ಎಲ್ಲೆಲ್ಲೋ ಹೊಂಟದ.

ದೂಧಗಂಗಾ_ಕಾಕಾ
ಇರಲಿ, ಅದಕ್ಕ ಬ್ಯಾರೆ ಚರ್ಚೆ ತಗೀರಿ. ತಮ್ಮಾ, ನಿಂದಕ್ಕ ಬರೂಣು.

ಸೈಕಲ್ಲೇ ನಿನ್ನ ಅಳತಿ ಪಟ್ಟಿ. ಸೈಕಲ್ ಸುಮಾರು 1.8 ಮೀಟರ್ ಉದ್ದ ಇರ್ತೈತಿ, ನೀ ಹಾಕಿದ ಚಿತ್ರದಾಗ ಅದು ಒಂದು ಕಂಡಿಗಿಂತ ಸ್ವಲ್ಪ ಕಮ್ಮಿ ಐತಿ, ಅಂದ್ರ ಕಂಡಿ 2 ಮೀಟರ್ ಅನ್ಕೋ. ಕಂಬ ಅದರ ಅರ್ಧ ಕಾಣ್ತೈತಿ, 1 ಮೀಟರ್. ಕೂಡಿದ್ರ 3, ಅದಕ್ಕ 34 ಹೊಡದ್ರ 100 ಮೀಟರ್ ಆಜೂಬಾಜೂ. ಆದ್ರ ಅಳೆಯೋದು ಸೈಕಲ್ ಇರೋ ಜಾಗದಾಗಿಂದ ಮಾತ್ರ, ದೂರದ ಕಂಬ ಸಣ್ಣ ಕಾಣ್ತಾವ, ಅಲ್ಲಿ ಅಳತಿ ಹಾಕಿದ್ರ ಎಲ್ಲಾ ಕೆಡ್ತೈತಿ, ಅಲ್ಲಿ ಬರೇ ಎಣಸಬೇಕು. ಕಲ್ಲೋಳ-ಯಡೂರ ಕಡೆ ಕೃಷ್ಣಾ 100 ಮೀಟರ್‌ನ್ಯಾಗ ಮುಗಿಯೋ ಹೊಳಿ ಅಲ್ಲ, ಅದಕ್ಕ ನನಗ ವೇದಗಂಗಾ, ಇಲ್ಲಾ ದೂಧಗಂಗಾ ಅನಸ್ತೈತಿ.

ಕಪ್ಪು ಕಲ್ಲೂ ಅದನ್ನ ಹೇಳ್ತೈತಿ. ಚಿಕ್ಕೋಡಿ, ನಿಪ್ಪಾಣಿ ಕಡೆ ನೆಲದಾಗ ಕರಿ ಕಲ್ಲು, ಗೋಕಾಕ ಘಟ್ಟದ ಹತ್ರ ಬಂದ್ರ ಕೆಂಪು ಛಾಯೆದ ಕಲ್ಲು ಶುರು ಆಕ್ಕೈತಿ, ಬಾದಾಮಿ ತನಕ. ಹತ್ರ ಸಿಗೋ ಕಲ್ಲನ್ನೇ ಹಾಕಿರ್ತಾರ, ದೂರದಿಂದ ತರೂದು ಖರ್ಚು. ಆದ್ರೂ ಪಾಚಿ ಹಿಡದ ಒದ್ದಿ ಕಲ್ಲು ಕೆಂಪಿದ್ರೂ ಕಪ್ಪಗ ಕಾಣ್ತೈತಿ, ಹಂಗಾಗಿ ನೀರು ಮುಟ್ಟದ ಮ್ಯಾಲಿನ ಸಾಲು ನೋಡು. ಚಿಮಣಿ ಬಿಡು, ಸಕ್ಕರಿ ಫ್ಯಾಕ್ಟರಿ ಎಲ್ಲಾಕಡೆ ಅದಾವ ನಮ್ಮಲ್ಲಿ.

ನೆರಳಿಂದೂ ಒಂದು ಮಾತು. ಚಳಿಗಾಲದ ಮಧ್ಯಾಹ್ನ ಗಿಡ್ಡ ನೆರಳು ಉತ್ತರಕ್ಕ ಬೀಳ್ತೈತಿ, ಬಲಕ್ಕ ಉತ್ತರ ಅಂದ್ರ ಹೊಳಿ ಅಲ್ಲಿ ಉತ್ತರಕ್ಕ ಹರೀತೈತಿ. ವೇದಗಂಗಾ ಒಟ್ಟಾರೆ ಈಶಾನ್ಯದ ಕಡೆ ಹೋಕ್ಕೈತಿ, ಕೂಡತೈತಿ. ಆದ್ರ ಹೊಳಿ ಹಾವಿನಂಗ ತಿರುಗ್ತಾವ, ಇದೊಂದರ ಮ್ಯಾಲ ನಂಬಬ್ಯಾಡ.

ಗುಮ್ಮಟ_ನಗರಿ
ಕಾಕಾ, ಫೋಟೋ ತಗದಾಂವ ಸೇತುವಿ ಮ್ಯಾಲೇ ನಿಂತಿದ್ರ? ಅವನ ಹಿಂದ ಎಷ್ಟು ಕಂಡಿ ಉಳದಾವ ಅನ್ನೂದು ಹೆಂಗ ಗೊತ್ತಾಗಬೇಕು. 34 ಅನ್ನೂದು ಕಮ್ಮಿ ಅಂದ್ರ ಇಷ್ಟು ಅಂತ ಆತು, ಕೃಷ್ಣಾ ಇನ್ನೂ ಲೆಕ್ಕದಾಗ ಅದ.

ದೂಧಗಂಗಾ_ಕಾಕಾ
ಹೌದ್ರಿ, ಇದಕ್ಕ ಒಪ್ಪತೀನಿ. ಸೈಕಲ್‌ನ ಈ ಕಡೆ ದಂಡಿ ಕಾಣ್ತೈತೇನು ತಮ್ಮಾ?

ಮಲಪ್ರಭಾ_ದಂಡಿ
ಇಲ್ರಿ ಕಾಕಾ, ಈ ಕಡೆ ಫೋಟೋ ಕಟ್ ಆಗೇತಿ, ಆಚಿ ದಂಡಿ ಮಾತ್ರ ಕಾಣ್ತೈತಿ, ರಸ್ತೆ ಮಣ್ಣು ಕಡದು ಮ್ಯಾಲ ಏರೇತಿ. ಮ್ಯಾಲಿನ ಸಾಲಿನ ಕಲ್ಲೂ ಕಪ್ಪೇ ಐತಿ, ಹಂಗಾಗಿ ಗೋಕಾಕ ಕಡೆದು ಅಲ್ಲ ಅನಸ್ತೈತಿ. ಅಪ್ಪಾರು ಕೆಲವು ವರ್ಷ ನಿಪ್ಪಾಣಿದಾಗ ಇದ್ರು ಅಂತ ಅವ್ವ ಹೇಳ್ತಾಳ, ಆದ್ರ ಯಡೂರ ವೀರಭದ್ರ ಗುಡಿಗೂ ಹೋಗಿದ್ರು ಅಂತಾಳ!

ಕಬ್ಬಿನ_ಗಾಡಿ (ನಿಪ್ಪಾಣಿ)
ಆ ಏರು ನೋಡಿದ್ರ ಭೋಜವಾಡಿ-ಕುನ್ನೂರ ಅನಸ್ತೈತ್ರಿ ನನಗ, ಅದು ವೇದಗಂಗಾದ್ದು. ಆದ್ರ ಜತ್ರಾಟ-ಭೀವಶಿ, ಅಕ್ಕೋಳ-ಸಿದ್ನಾಳನೂ ಹಂಗೇ ಅದಾವ, ಮಳಿ ಜಾಸ್ತಿ ಆದ್ರ ಎಲ್ಲಾ ಒಟ್ಟಿಗೇ ಮುಳಗ್ತಾವ. ಖಾತ್ರಿ ಹೇಳಾಕಾಗಂಗಿಲ್ಲ.

ದೂಧಗಂಗಾ_ಕಾಕಾ
ಹಂಗಾರ ಒಂದು ಕೆಲಸ ಮಾಡು, ಸ್ಯಾಟಲೈಟ್ ನಕ್ಷೆದಾಗ ಈ ಮೂರೂ, ಜೊತಿಗೆ ಕಾರದಗಾ-ಭೋಜ, ಮಲಿಕವಾಡ-ದತ್ತವಾಡ, ಕಲ್ಲೋಳ-ಯಡೂರ ತಗದು ಕಂಡಿ ಎಣಸು. ಬ್ಯಾಸಗಿ ಚಿತ್ರ ಸಿಕ್ರ ಕಂಬದ ನೆರಳು ಚಂದ ಕಾಣ್ತಾವ. 34ಕ್ಕಿಂತ ಕಮ್ಮಿ ಇರೋದನ್ನ ಬಿಟ್ಟುಬಿಡು. ಬಾಜೂಕ ಹೊಸಾ ಎತ್ತರದ ಸೇತುವಿ ಕಟ್ಟಿದ್ರ ಅದನ್ನ ಎಣಸಬ್ಯಾಡ ಮತ್ತ, ಅದರ ಕಂಬ ದೂರ ದೂರ ಇರ್ತಾವ. ಉಳದದ್ದರಾಗ ಬಂಡಿಗಲ್ಲು ಯಾವ ಬದಿಗೆ ಅದಾವ ನೋಡಿ ಇಲ್ಲೇ ಹಾಕು.